ಮಕ್ಕಳು ತಪ್ಪು ಹೇಳಿದರೆ ಏನು ಮಾಡಬೇಕು, ಅದನ್ನು ಎಲ್ಲಿ ಬರೆಯುವುದು?

"ಮೇಡಂ, ಮಕ್ಕಳು ತಪ್ಪು ಉತ್ತರ ಹೇಳಿದ್ರೆ ನಾನೇನು ಮಾಡ್ಲಿ? ಅದು ಇದ್ರಲ್ಲಿ ಎಲ್ಲಿದೆ?"

ಸೋಮವಾರ ನಮ್ಮ ಅತಿಥಿ ಶಿಕ್ಷಕಿ ಹೀಗೆ ಕೇಳಿದರು. ಕೈಯಲ್ಲಿ ಹಳೆಯ ಪಾಠಯೋಜನೆಗಳ ಫೈಲ್ ಇತ್ತು. ಗುರುವಾರ ನನಗೆ ತರಬೇತಿ. ಏಳನೇ ತರಗತಿಗೆ ಮಳೆ ಅಳೆಯುವ ಪಾಠವನ್ನು ಅವರೇ ಮಾಡಬೇಕಿತ್ತು. ಯಾರೋ ಹಿಂದೆ ಬರೆದಿಟ್ಟ ಆ ಹಾಳೆಯಲ್ಲಿ ಎಲ್ಲ ಕಾಲಂ ತುಂಬಿತ್ತು. ಚಟುವಟಿಕೆ: "ಎರಡು ಪಾತ್ರೆಗಳಲ್ಲಿ ಮಳೆನೀರು ಸಂಗ್ರಹಿಸಿ ಅಳತೆ ಮಾಡಿಸುವುದು." ಮೌಲ್ಯಮಾಪನ: "ಮಳೆಮಾಪಕ ಎಂದರೇನು?" ಸಹಿಯೂ ಬಿದ್ದಿತ್ತು. ಆದರೆ ಆ ಹಾಳೆ ಹಿಡಿದು ತರಗತಿಗೆ ಹೋದವರಿಗೆ ಏನೂ ಸಿಗುವುದಿಲ್ಲ.

ನಮ್ಮ ಹೆಡ್ ಮಾಸ್ಟರ್ ನಿಯಮ ಸ್ಪಷ್ಟ. ಒಂದು ಪಾಠಕ್ಕೆ ಒಂದೇ ಪುಟ, ಹಿಂಬದಿಯಲ್ಲಿ ಬರೆಯುವಂತಿಲ್ಲ. ಅವರ ಬಗ್ಗೆ ಬೇರೆಯವರು ಗೊಣಗುತ್ತಾರೆ, ನಾನು ಗೊಣಗುವುದಿಲ್ಲ. ಓದಿ ಸಹಿ ಹಾಕುವ ಮನುಷ್ಯ ಅವರು. ನಾಲ್ಕು ಪುಟ ಕೊಟ್ಟರೆ ಯಾರೂ ಓದುವುದಿಲ್ಲ ಎಂಬ ಅವರ ಮಾತು ನಿಜ. ಆದರೆ ಪುಟ ಚಿಕ್ಕದಾದಾಗ ನಾವು ಏನನ್ನು ಬಿಡುತ್ತೇವೆ ನೋಡಿ. ದೊಡ್ಡ ಮಾತುಗಳನ್ನು ಉಳಿಸಿಕೊಂಡು, ಪಾಠ ನಿಂತಿರುವ ಸಣ್ಣ ವಿವರಗಳನ್ನೇ ಬಿಡುತ್ತೇವೆ.

ಮಳೆ ಪಾಠದ ಗಂಟು ಇರುವುದು ಒಂದೇ ಕಡೆ. ತೀರ್ಥಹಳ್ಳಿ ಕಡೆಯ ಮಕ್ಕಳಿಗೆ ಮಳೆ ಹೊಸದಲ್ಲ. ಮನೆಯಲ್ಲಿ ಅಜ್ಜ "ನಿನ್ನೆ ನಾಲ್ಕು ಇಂಚು" ಅನ್ನುವುದನ್ನು ಕೇಳಿರುತ್ತಾರೆ. ಆದರೂ "ಅಗಲದ ಡಬ್ಬಿಯಲ್ಲಿ ನೀರು ಜಾಸ್ತಿ ಎತ್ತರ ನಿಲ್ಲುತ್ತಾ, ಕಿರಿದಾದ ಡಬ್ಬಿಯಲ್ಲಾ?" ಎಂದು ಕೇಳಿದರೆ ಬಹಳ ಮಕ್ಕಳು ಅಗಲದ್ದಕ್ಕೇ ಕೈ ಎತ್ತುತ್ತಾರೆ. ದೊಡ್ಡ ಬಾಯಿ, ಜಾಸ್ತಿ ನೀರು ಅಂತ. ನೀರು ಜಾಸ್ತಿ ಬೀಳುವುದು ಸರಿ. ಆದರೆ ಅದು ಅಷ್ಟೇ ಅಗಲಕ್ಕೆ ಹರಡಿಕೊಳ್ಳುತ್ತದೆ. ಹಾಗಾಗಿ ಎರಡರಲ್ಲೂ ಎತ್ತರ ಒಂದೇ. ಮಳೆಯನ್ನು ಲೀಟರ್‌ನಲ್ಲಿ ಹೇಳದೆ ಮಿಲಿಮೀಟರ್‌ನಲ್ಲಿ ಹೇಳುವುದು ಇದಕ್ಕೇ. ಇದು ಹೊಳೆಯದಿದ್ದರೆ ಮಳೆಮಾಪಕದ ಚಿತ್ರ ಬರೆಸಿ ಏನು ಪ್ರಯೋಜನ?

"ಎರಡು ಪಾತ್ರೆಗಳು" ಎಂದಷ್ಟೇ ಬರೆದರೆ ಏನಾಗುತ್ತದೆ ಎಂದು ಅತಿಥಿ ಶಿಕ್ಷಕಿಗೆ ಹೇಳಿದೆ. ಶಾಲೆಯಲ್ಲಿ ತಕ್ಷಣ ಕೈಗೆ ಸಿಗುವುದು ಬಕೆಟ್ ಮತ್ತು ಲೋಟ. ಬಕೆಟ್‌ನ ಬಾಯಿ 30 ಸೆಂ.ಮೀ., ತಳ 20 ಸೆಂ.ಮೀ. ಅಗಲ ಅಂದುಕೊಳ್ಳಿ. ಬಾಯಿಯ ವಿಸ್ತೀರ್ಣ ತಳದ ಎರಡು ಪಟ್ಟಿಗಿಂತ ಜಾಸ್ತಿ ಆಯಿತು. 20 ಮಿ.ಮೀ. ಮಳೆ ಬಿದ್ದರೆ ಬಕೆಟ್‌ನಲ್ಲಿ 40 ಮಿ.ಮೀ. ಮೀರಿ ನೀರು ನಿಂತಿರುತ್ತದೆ. ಪಕ್ಕದಲ್ಲಿ ನೇರ ಬದಿಯ ಡಬ್ಬಿ ಇದ್ದರೆ ಅದರಲ್ಲಿ 20 ಮಾತ್ರ. ಮಕ್ಕಳು "ನೋಡಿ ಟೀಚರ್, ನಾವು ಹೇಳಿದ್ದೇ ಸರಿ" ಅನ್ನುತ್ತಾರೆ. ಅವರ ತಪ್ಪು ಕಲ್ಪನೆಗೆ ಪ್ರಯೋಗವೇ ಸಾಕ್ಷಿ ಹೇಳಿದಂತೆ! ಹೊಸ ಶಿಕ್ಷಕಿ ಅಲ್ಲಿ ತಬ್ಬಿಬ್ಬಾದರೆ ಅದು ಅವರ ಕೊರತೆಯಲ್ಲ, ಹಾಳೆಯ ಕೊರತೆ.

ಇಬ್ಬರೂ ಕೂತು ಹೊಸ ಹಾಳೆ ಬರೆದೆವು. ಮೊದಲು ಪಾಠ ಪೂರ್ತಿ ಬೇರೆ ಕಾಗದದಲ್ಲಿ ಬರೆದುಕೊಂಡೆವು, ಎರಡೂವರೆ ಪುಟ ಆಯಿತು. ಆಮೇಲೆ ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಇದನ್ನು ತೆಗೆದರೆ ತರಗತಿ ದಾರಿ ತಪ್ಪುತ್ತಾ? "ಪೂರ್ವಜ್ಞಾನವನ್ನು ಪರೀಕ್ಷಿಸುವುದು", "ವಿದ್ಯಾರ್ಥಿಗಳಲ್ಲಿ ಆಸಕ್ತಿ ಮೂಡಿಸುವುದು", "ಶಿಕ್ಷಕರು ವಿವರಿಸುವರು" ಇವೆಲ್ಲ ಹೋದವು. ಹೋದರೂ ಪಾಠಕ್ಕೆ ಏನೂ ಆಗಲಿಲ್ಲ. ಇಂಥ ಸಾಲುಗಳು ಯಾವ ಪಾಠಕ್ಕಾದರೂ ಹೊಂದುತ್ತವೆ ಅಲ್ವಾ?

ಕಾಲಂ ಯಾವುದನ್ನೂ ಬದಲಿಸಲಿಲ್ಲ. ಅದಕ್ಕೆ ನಮಗೆ ಅಧಿಕಾರವಿಲ್ಲ, ಅಗತ್ಯವೂ ಇರಲಿಲ್ಲ. ಕಲಿಕೋಪಕರಣದ ಕಡೆ "ನೇರ ಬದಿಯ ಎರಡು ಡಬ್ಬಿ, ಒಂದು ಅಗಲ, ಒಂದು ಕಿರಿದು. ಬಕೆಟ್, ಲೋಟ ಬೇಡ" ಎಂದು ಬರೆದೆವು. ಅದರ ಕೆಳಗೆ "ಹಿಂದಿನ ಸಂಜೆಯೇ ಅಂಗಳದ ನಡುವೆ ಇಡಿ, ಸೂರಿನ ನೀರು, ಮರದ ಹನಿ ಬೀಳಬಾರದು." 40 ನಿಮಿಷದ ಪೀರಿಯಡ್‌ನಲ್ಲಿ ಮಳೆಗೆ ಕಾಯಲು ಆಗುವುದಿಲ್ಲವಲ್ಲ. ಅಳತೆಗೆ ಒಣ ಕಡ್ಡಿ ಅದ್ದಿ, ಒದ್ದೆಯಾದ ಭಾಗವನ್ನು ಸೊನ್ನೆಯಿಂದ ಅಳೆಯಬೇಕು. ಮಕ್ಕಳ ಸ್ಕೇಲಿನಲ್ಲಿ ಸೊನ್ನೆ ತುದಿಯಲ್ಲೇ ಇರುವುದಿಲ್ಲ, ಕೆಲವು ಮಿಲಿಮೀಟರ್ ಒಳಗೆ ಇರುತ್ತದೆ. ನೇರ ಸ್ಕೇಲನ್ನೇ ಇಳಿಸಿದರೆ ಮಳೆ ಅಷ್ಟು ಕಡಿಮೆ ಕಾಣುತ್ತದೆ.

ಚಟುವಟಿಕೆಯ ಚೌಕ ದೊಡ್ಡದು. ಅದಕ್ಕೆ ಪ್ರಶ್ನೆಯನ್ನು ಮಾತಾಡುವ ಹಾಗೇ, ಪೂರ್ತಿ ಬರೆದೆವು. ನೀರು ನೋಡುವ ಮುಂಚೆ ಕೈ ಎತ್ತಿಸಬೇಕು, ಎಣಿಕೆಯನ್ನು ಬೋರ್ಡ್ ಮೇಲೆ ಬರೆಯಬೇಕು. ಈ ಕ್ರಮ ಹಿಂದುಮುಂದಾದರೆ ಎಲ್ಲರೂ "ನಮಗೆ ಮೊದಲೇ ಗೊತ್ತಿತ್ತು" ಅನ್ನುತ್ತಾರೆ. ಆಮೇಲೆ ಅವರು ಕೇಳಿದ್ದಕ್ಕೆ ಉತ್ತರ: "ಅಗಲದ್ದು ಎಂದರೆ ತಪ್ಪು ಎನ್ನಬೇಡಿ. ಅಂಗಳದಲ್ಲಿ ಒಂದು ಚೌಕ, ಅಂಥವೇ ನಾಲ್ಕು ಸೇರಿದ ಇನ್ನೊಂದು ದೊಡ್ಡ ಚೌಕ ಗೆರೆ ಹಾಕಿ. ದೊಡ್ಡದರ ಮೇಲೆ ಎಷ್ಟು ಪಟ್ಟು ಮಳೆ? ಅದು ಎಷ್ಟು ಪಟ್ಟು ಜಾಗಕ್ಕೆ ಹರಡಬೇಕು?" ನಾಲ್ಕು ಪಟ್ಟು ನೀರು, ನಾಲ್ಕು ಪಟ್ಟು ಜಾಗ. ಮಕ್ಕಳೇ ಹೇಳುತ್ತಾರೆ.

ಮೌಲ್ಯಮಾಪನದಲ್ಲಿ ವ್ಯಾಖ್ಯೆ ಕೇಳುವುದನ್ನು ಬಿಟ್ಟೆವು. "ಪಕ್ಕದ ಊರಿನ ಮಾಪಕದ ಬಾಯಿ ನಮ್ಮದಕ್ಕಿಂತ ದೊಡ್ಡದು. ಅಷ್ಟೇ ಮಳೆ ಬಿದ್ದರೆ ಅಲ್ಲಿ ಎಷ್ಟು ಮಿ.ಮೀ.?" ಎಂಬುದು ಒಂದು. "80 ಮಿ.ಮೀ. ಮಳೆಯಾದರೆ ಒಂದು ಚದರ ಮೀಟರ್ ಅಂಗಳಕ್ಕೆ ಬಿದ್ದ ನೀರು ಎಷ್ಟು ಲೀಟರ್?" ಎಂಬುದು ಇನ್ನೊಂದು. ಒಂದು ಮಿ.ಮೀ.ಗೆ ಒಂದು ಲೀಟರ್, ಅಂದರೆ 80. ಮೊದಲ ಪ್ರಶ್ನೆಗೆ ಜಾಸ್ತಿ ಎಂದು ಬರೆದ ಮಗುವಿಗೆ ಪಾಠ ತಲುಪಿಲ್ಲ ಎಂದು ಆ ಕ್ಷಣವೇ ಗೊತ್ತಾಗುತ್ತದೆ.

ಬಿಡಲಾಗದೆ ಬಿಟ್ಟದ್ದೂ ಇದೆ. ಆಗುಂಬೆ ನಮ್ಮ ತಾಲ್ಲೂಕಿನದೇ, ಅಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಇವೆರಡೂ ನನಗೆ ಬಹಳ ಇಷ್ಟ. ಆದರೆ ಇವನ್ನು ತೆಗೆದರೆ ತರಗತಿ ದಾರಿ ತಪ್ಪುವುದಿಲ್ಲ. ಮಾತಿನ ನಡುವೆ ಹೇಳಬಹುದು.

ಶುಕ್ರವಾರ ಬಂದು ನೋಡಿದೆ. ಅಗಲದ ಡಬ್ಬಿಯಲ್ಲಿ 96 ಮಿ.ಮೀ., ಕಿರಿದಾದ್ದರಲ್ಲಿ 97. ಆ ಒಂದು ಮಿ.ಮೀ. ಯಾಕೆ ಎಂದು ಮಕ್ಕಳು ಜಗಳವಾಡಿದರಂತೆ. ಷರಾ ಕಾಲಂನಲ್ಲಿ ಆಕೆ ಚಿಕ್ಕ ಅಕ್ಷರದಲ್ಲಿ ಬರೆದಿದ್ದರು: "ಕಿರಿದಾದ ಡಬ್ಬಿಯ ಎತ್ತರ 12 ಸೆಂ.ಮೀ. ಮಾತ್ರ. ಇನ್ನೊಂದು ಜೋರು ಮಳೆ ಬಂದಿದ್ದರೆ ತುಂಬಿ ಚೆಲ್ಲುತ್ತಿತ್ತು." ಚೆಲ್ಲಿದ್ದರೆ ಎರಡು ಡಬ್ಬಿಗಳ ಎತ್ತರ ಬೇರೆಯಾಗಿ, ಅಗಲದ್ದೇ ಗೆದ್ದ ಹಾಗೆ ಕಾಣುತ್ತಿತ್ತು. ಫೈಲಿನಲ್ಲಿ ನೋಡಿದ ಷರಾಗಳೆಲ್ಲ "ಉತ್ತಮ" ಎಂದೇ ಮುಗಿದಿದ್ದವು. ಪಾಠವನ್ನು ಹೀಗೆ ನೋಡುವವರನ್ನು ಶಾಲೆ ಕಾಯಂ ಉಳಿಸಿಕೊಳ್ಳಬೇಕು.

ಕಲಿಕೋಪಕರಣದ ಸಾಲಿಗೆ "20 ಸೆಂ.ಮೀ. ಎತ್ತರದ" ಎಂದು ಸೇರಿಸಬೇಕು. ಅಲ್ಲಿ ಜಾಗವಿಲ್ಲ. ಪುಟದ ತಲೆಯಲ್ಲಿ ಪಾಠದ ಹೆಸರನ್ನು ಎರಡು ಸಲ ಬರೆದಿದ್ದೇವೆ. ಒಂದನ್ನು ತೆಗೆದು ಬರೆಯುವುದೆಂದು ಇಬ್ಬರೂ ಸೇರಿ ನಿರ್ಧರಿಸಿದೆವು.