ಕಾರನ್ನು ನಿಲ್ಲಿಸಿದ್ದು ಯಾವುದು?

ಒಂಬತ್ತನೇ ಕ್ಲಾಸಿಗೆ ಬಲ ಮತ್ತು ಚಲನೆಯ ನಿಯಮಗಳ ಪಾಠ ಶುರು ಮಾಡುವ ಮೊದಲು ನಾನು ಒಂದು ಪ್ರಶ್ನೆ ಕೇಳುತ್ತೇನೆ. ಆಟಿಕೆ ಕಾರನ್ನು ನೆಲದ ಮೇಲೆ ದೂಡಿ ಬಿಟ್ಟರೆ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ಯಾಕೆ?

ನಮ್ಮದು ತೀರ್ಥಹಳ್ಳಿ ಕಡೆಯ ಹೈಸ್ಕೂಲು. ಈ ವರ್ಷವೂ ಉತ್ತರ ಬದಲಾಗಲಿಲ್ಲ. "ಸರ್, ದೂಡಿದ ಬಲ ಖಾಲಿ ಆಯ್ತು." ಕಾರಿನೊಳಗೆ ಬಲವನ್ನು ಪೆಟ್ರೋಲ್ ತರ ತುಂಬಿಸಿದ್ದೇವೆ, ಅದು ಮುಗಿದಾಗ ಕಾರು ನಿಂತಿತು ಅನ್ನುವುದು ಅವರ ಲೆಕ್ಕ. ಘರ್ಷಣೆ ಅಂದರೇನು ಅಂತ ಕೇಳಿದರೆ ಎಂಟನೇ ಕ್ಲಾಸಿನಲ್ಲಿ ಓದಿದ್ದನ್ನು ಪಟಪಟ ಹೇಳುತ್ತಾರೆ. ಆದರೆ ಆ ಮಾತಿಗೂ ಈ ಕಾರಿಗೂ ಸಂಬಂಧವೇ ಇಲ್ಲ ಅನ್ನುವ ಹಾಗೆ ಎರಡೂ ತಲೆಯಲ್ಲಿ ಬೇರೆ ಬೇರೆ ಕಡೆ ಕೂತಿರುತ್ತವೆ. ಅವೆರಡನ್ನೂ ಒಂದೇ ಕಡೆ ತರಬೇಕು ಅಂತಲೇ ನಾನು ಕಾರು, ಹಲಗೆ, ಟೇಪು ಹಿಡಿದುಕೊಂಡು ಕ್ಲಾಸಿಗೆ ಹೋಗುವುದು.

ಮನೆಯಲ್ಲಿರುವ ಕಾರು ತನ್ನಿ ಅಂದಿದ್ದೆ. ಬಂದ ಕಾರುಗಳಲ್ಲಿ ಅರ್ಧಕ್ಕರ್ಧ ಹಿಂದಕ್ಕೆ ಎಳೆದು ಬಿಡುವ ಜಾತಿಯವು. ಈ ಪ್ರಯೋಗಕ್ಕೆ ಅವು ಬೇಡ. ಒಳಗಿನ ಸ್ಪ್ರಿಂಗು, ಹಲ್ಲಿನ ಚಕ್ರಗಳು ಗಾಲಿಯನ್ನು ಹಿಡಿದುಕೊಳ್ಳುತ್ತವೆ. ಇಳಿಜಾರಿನಲ್ಲಿ ಬಿಟ್ಟರೆ ಅರ್ಧದಲ್ಲೇ ನಿಂತರೂ ನಿಂತವು. ಬೇಕಾಗಿರುವುದು ತಗಡಿನ ಮೈಯ, ಗಾಲಿ ಸುಮ್ನೆ ತಿರುಗುವ ಸಣ್ಣ ಕಾರು. ಅಂಥದ್ದೊಂದು ಸಿಕ್ಕಿತು. ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದರೆ 40 ಗ್ರಾಂ. ಬೆರಳಿನಿಂದ ಗಾಲಿ ತಿರುಗಿಸಿದಾಗ ಒಂದು ಗಾಲಿ ಬೇಗ ನಿಲ್ಲುತ್ತಿತ್ತು. ಬುಡದಲ್ಲಿ ನೋಡಿದರೆ ಅಚ್ಚಿಗೆ ತಲೆಗೂದಲು ಸುತ್ತಿಕೊಂಡಿದೆ. ಪಿನ್ನಿನಿಂದ ಎಳೆದು ತೆಗೆದ ಮೇಲೆ ಕಾರು ನೇರವಾಗಿಯೂ ಓಡತೊಡಗಿತು. ಕಾರು ಒಂದು ಕಡೆಗೆ ವಾಲಿಕೊಂಡು ಹೋಗುತ್ತಿದ್ದರೆ ಮೊದಲು ಅಚ್ಚು ನೋಡಬೇಕು.

ಇಳಿಜಾರಿಗೆ ಒಬ್ಬ ಹುಡುಗ ಅಡಿಕೆ ಮರ ಸೀಳಿ ಒಳಗೆ ತೋಡಿದ ದಬ್ಬೆ ಹೊತ್ತುಕೊಂಡು ಬಂದಿದ್ದ. ಗೋಲಿ ಉರುಳಿಸುವುದಕ್ಕಾದರೆ ಅದರಷ್ಟು ಒಳ್ಳೆಯದು ಬೇರೊಂದಿಲ್ಲ. ಗೆಲಿಲಿಯೊ ಕೂಡ ಮರದಲ್ಲಿ ತೋಡು ಕೊರೆದು ಅದರಲ್ಲಿ ಕಂಚಿನ ಗುಂಡು ಉರುಳಿಸಿಯೇ ಅಳೆದಿದ್ದು. ಆದರೆ ಕಾರಿನ ಗಾಲಿ ದಬ್ಬೆಯ ಅಂಚಿಗೆ ಉಜ್ಜುತ್ತದೆ. ಹಾಗಾಗಿ ಹಳೇ ಬೆಂಚಿನ 1 ಮೀಟರ್ ಉದ್ದದ ಹಲಗೆ ತೆಗೆದುಕೊಂಡೆವು. ಒಂದು ತುದಿಗೆ ಪುಸ್ತಕ ಇಟ್ಟು ಎತ್ತರಿಸಿದೆವು. ಹಲಗೆ ನೆಲಕ್ಕೆ ಸೇರುವಲ್ಲಿ ಒಂದು ಮೆಟ್ಟಿಲು ಉಳಿಯುತ್ತದಲ್ಲ, ಅಲ್ಲಿ ಕಾರು ಧೊಪ್ಪಂತ ಬಿದ್ದು ವೇಗ ಕಳೆದುಕೊಳ್ಳುತ್ತದೆ. ಮದುವೆ ಕರೆಯೋಲೆಯ ದಪ್ಪ ಕಾಗದ ಅಲ್ಲಿಗೆ ಅಂಟಿಸಿದ ಮೇಲೆ ಸರಾಗವಾಗಿ ಇಳಿಯಿತು. ಕಾರನ್ನು ಕೈಯಿಂದ ಬಿಡಬಾರದು, ಗೊತ್ತಿಲ್ಲದೇ ದೂಡಿಬಿಡುತ್ತೇವೆ. ಮುಂದೆ ಸ್ಕೇಲು ಅಡ್ಡ ಹಿಡಿದು, ಅದನ್ನು ಮೇಲಕ್ಕೆ ಎತ್ತಬೇಕು.

ಉದ್ದ ಜಾಗ ಅಂತ ಮೊದಲು ಜಗಲಿಯಲ್ಲಿ ಶುರು ಮಾಡಿದೆವು. ಹೊರಗೆ ಮಳೆ. ಹಲಗೆಯ ತಲೆ 10 ಸೆಂ.ಮೀ. ಎತ್ತರ. ಕಾರು ಹಲಗೆಯ ಬುಡದಿಂದ 4 ಮೀಟರ್ 40 ಸೆಂ.ಮೀ. ಹೋಗಿ ನಿಂತಿತು. ಹಲಗೆಯನ್ನು ಆ ಕಡೆಗೆ ಒಯ್ದು, ಅದೇ ಎತ್ತರದಿಂದ ಈ ಕಡೆಗೆ ಬಿಟ್ಟರೆ 3 ಮೀಟರ್ 60 ಮಾತ್ರ. ಮಕ್ಕಳು ಬಿಟ್ಟವನ ಕೈಯ ತಪ್ಪು ಅಂದರು. ಬೇರೆಯವರು ಬಿಟ್ಟರೂ ಅಷ್ಟೇ. ಆಗ ಒಬ್ಬಳು, "ಜಗಲಿ ಇಳಿಜಾರು ಇದೆ ಸರ್, ನೀರು ಅಲ್ಲಿಗೇ ಹೋಗುತ್ತೆ" ಅಂದಳು.

ಮಲೆನಾಡಿನ ಜಗಲಿಯನ್ನು ಎರಚಲು ನೀರು ನಿಲ್ಲದ ಹಾಗೆ ಕಟ್ಟುವುದಲ್ವಾ. ಕಣ್ಣಿಗೆ ಕಾಣದಷ್ಟು ಓರೆ ಇದ್ದರೂ ಕಾರಿಗೆ ಸಾಕು. ಗಾರೆ ಕೆಲಸದವರ ಮನೆಯ ಹುಡುಗ ಲೆವೆಲ್ ಪೈಪು ತಂದ. ನೀರು ತುಂಬಿಸಿ ಎರಡೂ ತುದಿ ಹಿಡಿದು ನೋಡಿದರೆ ಮೀಟರಿಗೆ ಸುಮಾರು 2 ಮಿ.ಮೀ. ಇಳಿಜಾರು. ಅಷ್ಟಕ್ಕೇ 80 ಸೆಂ.ಮೀ. ವ್ಯತ್ಯಾಸ! ಕಾರಿನ ಗಾಲಿಯ ಘರ್ಷಣೆಯೇ ಅಷ್ಟು ಕಡಿಮೆ, ಹಾಗಾಗಿ ನೆಲ ಚೂರು ಓರೆಯಾದರೂ ಅದರ ಪಾಲು ದೊಡ್ಡದಾಗಿ ಕಾಣುತ್ತದೆ. ಎರಡೂ ದಿಕ್ಕಿನಲ್ಲಿ ಬಿಟ್ಟು ಸರಾಸರಿ ತೆಗೆದರೂ ಆಗುತ್ತದೆ. ನಾವು ಕ್ಲಾಸ್ ರೂಮಿನ ಬೆಂಚು ಸರಿಸಿ, ಮೂಲೆಯಿಂದ ಮೂಲೆಗೆ ಓಡಿಸುವುದು ಅಂತ ಮಾಡಿದೆವು. ಅಲ್ಲಿ ನೆಲ ಸಮ ಇತ್ತು, ಓರೆಯಾಗಿ ಅಳೆದರೆ ಉದ್ದವೂ ಸಿಕ್ಕಿತು.

ಆಮೇಲಿನ ಅಳತೆಗಳು ಇವು. ಹಲಗೆಯ ತಲೆ 5 ಸೆಂ.ಮೀ. ಇದ್ದಾಗ ಕಾರು ನೆಲದ ಮೇಲೆ ಹೋದದ್ದು ಒಂದೂವರೆ ಮೀಟರ್. 10 ಇದ್ದಾಗ 4 ಮೀಟರ್. 15 ಇದ್ದಾಗ 6 ಮೀಟರ್ 40. ಪ್ರತಿ ಎತ್ತರಕ್ಕೂ ಹಲವು ಸಲ ಬಿಟ್ಟು, ನಡುವಿನ ಅಂಕಿ ತೆಗೆದುಕೊಂಡದ್ದು. ಎತ್ತರ ಎರಡರಷ್ಟಾದರೆ ದೂರವೂ ಎರಡರಷ್ಟು ಆಗಬೇಕು ಅಂತ ಮಕ್ಕಳ ಊಹೆ. ಒಂದೂವರೆಗೆ 3 ಬರಬೇಕಿತ್ತು, 4 ಬಂದಿದೆ. ಲೆಕ್ಕ ಕೂಡುತ್ತಿಲ್ಲ.

ಸ್ವಲ್ಪ ಹೊತ್ತು ಎಲ್ಲರೂ ಬೋರ್ಡು ನೋಡುತ್ತಾ ಕೂತರು. ಜಗಲಿಯ ಓರೆ ಹೇಳಿದ ಹುಡುಗಿಯೇ ಮತ್ತೆ ಕೇಳಿದಳು, "ಸರ್, ಹಲಗೆ ಮೇಲೂ ಕಾರು ಓಡಿದೆ ಅಲ್ವಾ? ಅದನ್ನ ಯಾಕೆ ಬಿಡೋದು?" ಅಲ್ಲಿಯವರೆಗೆ ನಾವು ಹಲಗೆಯ ಬುಡದಿಂದ ಅಳೆಯುತ್ತಿದ್ದೆವು. ಹಲಗೆಯ 1 ಮೀಟರ್ ಸೇರಿಸಿದರೆ ಎರಡೂವರೆ, 5, 7 ಮೀಟರ್ 40. ಈಗ ನೋಡಿ! 5 ಸೆಂ.ಮೀ.ಗೆ ಎರಡೂವರೆ, 10ಕ್ಕೆ 5, 15ಕ್ಕೆ ಹತ್ತಿರ ಹತ್ತಿರ ಏಳೂವರೆ. ಕೊನೆಯದು ಚೂರು ಕಮ್ಮಿ ಆಗಿದ್ದು, ಜೋರಾಗಿ ಬಂದ ಕಾರು ಕಾಗದ ಅಂಟಿಸಿದ ಜಾಗದಲ್ಲಿ ಕುಪ್ಪಳಿಸುತ್ತಿತ್ತು ಅಂತ ಇರಬೇಕು. ಒಟ್ಟಿನಲ್ಲಿ 1 ಸೆಂ.ಮೀ. ಎತ್ತರಕ್ಕೆ 50 ಸೆಂ.ಮೀ. ದಾರಿ.

ಇದರ ಅರ್ಥ ದೊಡ್ಡದು. ಕಾರನ್ನು ಹಿಂದಕ್ಕೆ ಹಿಡಿದು ಎಳೆಯುತ್ತಿದ್ದ ಘರ್ಷಣೆ ನೆಲಕ್ಕೆ ಬಂದ ಮೇಲೆ ಶುರುವಾದದ್ದಲ್ಲ. ಇಳಿಜಾರಿನಲ್ಲಿ ವೇಗ ಜಾಸ್ತಿ ಆಗುತ್ತಿದ್ದಾಗಲೂ ಅದು ಅಲ್ಲೇ ಇತ್ತು, ಇಡೀ ದಾರಿ ಒಂದೇ ಸಮ ಎಳೆಯುತ್ತಿತ್ತು. ಒಂದು ಎಚ್ಚರಿಕೆ. ನಮ್ಮ ಹಲಗೆಯ ಮೈ ಮತ್ತು ನೆಲದ ಮೈ ಗಾಲಿಗೆ ಹೆಚ್ಚು ಕಮ್ಮಿ ಒಂದೇ ತರ ಇದ್ದವು, ಹಾಗಾಗಿ ಲೆಕ್ಕ ಇಷ್ಟು ಚೊಕ್ಕ ಬಂತು. ನೆಲದ ಮೇಲೆ ಗೋಣಿಚೀಲ ಹಾಸಿ 10 ಸೆಂ.ಮೀ. ಎತ್ತರದಿಂದ ಬಿಟ್ಟಾಗ ಕಾರು ಮುಕ್ಕಾಲು ಮೀಟರ್ ಕೂಡ ಹೋಗಲಿಲ್ಲ. ಆಗ ಹಲಗೆಯ ಉದ್ದ ಸುಮ್ನೆ ಕೂಡಿಸಿದರೆ ಏನೂ ಸಿಗುವುದಿಲ್ಲ.

ಆದರೂ ಹಿಂದಿನ ಬೆಂಚಿನವನು ಬಿಡಲಿಲ್ಲ. "ಗೋಣಿ ಮೇಲೆ ಬಲ ಬೇಗ ಖಾಲಿ ಆಗುತ್ತೆ, ಅಷ್ಟೇ ಅಲ್ವಾ ಸರ್?" ಅಂದ. ಇದು ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ. ಅವನಿಗಾಗಿಯೇ ಮೊಬೈಲ್ ತೆಗೆದದ್ದು. ನೆಲದ ಮೇಲೆ 10 ಸೆಂ.ಮೀ.ಗೊಂದು ಸೀಮೆಸುಣ್ಣದ ಗೆರೆ ಹಾಕಿ, ಕಾರು ನೆಲಕ್ಕೆ ಇಳಿದಲ್ಲಿಂದ ನಿಲ್ಲುವವರೆಗೆ ಪಕ್ಕದಿಂದ ವಿಡಿಯೊ ಮಾಡಿದೆವು. ಸ್ಟಾಪ್ ವಾಚಿಗಿಂತ ಇದೇ ವಾಸಿ. ಕಣ್ಣು ನೋಡಿ ಬೆರಳು ಒತ್ತುವಷ್ಟರಲ್ಲಿ ಸೆಕೆಂಡಿನ ಐದನೇ ಒಂದು ಭಾಗ ಹೋಗಿರುತ್ತದೆ. ವಿಡಿಯೊದಲ್ಲಿ ಸೆಕೆಂಡಿಗೆ 30 ಚಿತ್ರ ಇರುತ್ತವೆ, ಬೇಕಾದಲ್ಲಿ ನಿಲ್ಲಿಸಿ ಗೆರೆ ಎಣಿಸಬಹುದು. ಮೊಬೈಲನ್ನು ಕೈಯಲ್ಲಿ ಆಡಿಸದೆ ಕಾರಿನ ಜೊತೆಗೇ ಒಬ್ಬ ಮೆಲ್ಲಗೆ ನಡೆದ. ಕಾರು ಇರುವ ಗೆರೆ ಕಂಡರೆ ಆಯಿತು.

ಮೊದಲ ಸೆಕೆಂಡಿನಲ್ಲಿ ಕಾರು ಹೋದದ್ದು 114 ಸೆಂ.ಮೀ. ಎರಡನೆಯದರಲ್ಲಿ 97. ಆಮೇಲೆ 75, 58, 36, 18. ಅಲ್ಲಿಂದ ಇನ್ನು ಎರಡು ಸೆಂ.ಮೀ. ಹೋಗಿ ನಿಂತಿತು. ಒಂದೊಂದು ಸೆಕೆಂಡಿಗೆ ಎಷ್ಟು ಕಮ್ಮಿ ಆಯಿತು ಅಂತ ಕಳೆದು ನೋಡಿ ಅಂದೆ. 17, 22, 17, 22, 18. ಗೆರೆ ಓದುವಾಗ ಒಂದೆರಡು ಸೆಂ.ಮೀ. ಅತ್ತಿತ್ತ ಆಗುತ್ತದೆ, ಅದನ್ನು ಬಿಟ್ಟರೆ ಸುಮಾರು 19. ಶುರುವಿನಲ್ಲಿ ಜೋರಾಗಿ ಹೋಗುವಾಗಲೂ ಸೆಕೆಂಡಿಗೆ 19 ಕಮ್ಮಿ, ಸಾಯುವ ವೇಗದಲ್ಲಿ ತೆವಳುವಾಗಲೂ 19 ಕಮ್ಮಿ. ಒಳಗಿನ ಬಲ ಕರಗುತ್ತಾ ಕಾರು ನಿಧಾನವಾಗುವುದಾದರೆ ಇಷ್ಟು ಸಮ ಯಾಕೆ ಬರಬೇಕು?

ರಾಶಿಯನ್ನು ವೇಗ ಬದಲಾಗುವ ದರದಿಂದ ಗುಣಿಸಿದರೆ ಬಲ ಅನ್ನುವ ನ್ಯೂಟನ್ನನ ಎರಡನೇ ನಿಯಮ ಇಲ್ಲಿ ತಾನಾಗಿಯೇ ಕೆಲಸಕ್ಕೆ ಬಂತು. ವೇಗ ಸೆಕೆಂಡಿಗೆ 0.19 ಮೀಟರಿನಷ್ಟು ಇಳಿಯುತ್ತಿದೆ, ಕಾರಿನ ರಾಶಿ 0.040 ಕೆ.ಜಿ. ಗುಣಿಸಿದರೆ 0.0076 ನ್ಯೂಟನ್. ಒಂದು ಗ್ರಾಂ ಕೂಡ ಇಲ್ಲದ ವಸ್ತುವಿನ ಭಾರ ಅದು. "ಇಷ್ಟೇನಾ?" ಅಂದರು. ಇಷ್ಟೇ. ಆದರೆ ಬಿಡದೆ ಎಳೆಯುತ್ತದೆ.

ಕಾರಿಗೆ ಭಾರ ಹೇರಿದರೆ ಅಂತ ಕೇಳಿದಾಗ ಕ್ಲಾಸು ಎರಡು ಪಾಲಾಯಿತು. ತುಂಬಿದ ಲಾರಿ ಬೇಗ ನಿಲ್ಲುವುದಿಲ್ಲ, ಜಾಸ್ತಿ ದೂರ ಹೋಗುತ್ತೆ ಅಂತ ಕೆಲವರು. ಭಾರಕ್ಕೆ ಗಾಲಿ ಕಚ್ಚಿಕೊಳ್ಳುತ್ತೆ, ಬೇಗ ನಿಲ್ಲುತ್ತೆ ಅಂತ ಉಳಿದವರು. ಕಾರಿನ ಮೇಲೆ 40 ಗ್ರಾಂ ಜೇಡಿಮಣ್ಣು ಮೆತ್ತಿ ಅದೇ 10 ಸೆಂ.ಮೀ.ನಿಂದ ಬಿಟ್ಟರೆ 3 ಮೀಟರ್ 90. ಹೆಚ್ಚು ಕಮ್ಮಿ ಅಷ್ಟೇ ದೂರ! ಎರಡೂ ಗುಂಪಿನವರ ಮಾತೂ ಅರ್ಧರ್ಧ ಸರಿ. ರಾಶಿ ಎರಡರಷ್ಟಾದ್ದರಿಂದ ನಿಲ್ಲಿಸುವುದಕ್ಕೆ ಎರಡರಷ್ಟು ಬಲ ಬೇಕು. ಭಾರ ಎರಡರಷ್ಟಾದ್ದರಿಂದ ಘರ್ಷಣೆಯೂ ಎರಡರಷ್ಟಾಗಿದೆ. ಒಂದಕ್ಕೊಂದು ವಜಾ. ಇನ್ನೂ ಮಣ್ಣು ಮೆತ್ತುತ್ತಾ ಹೋದರೆ ತೆಳು ಅಚ್ಚು ಬಾಗಿ ಗಾಲಿ ಮೈಗೆ ಉಜ್ಜುತ್ತದೆ, ಆಗ ದೂರ ದಿಢೀರಂತ ಇಳಿಯುತ್ತದೆ. ಅದು ಕಾರಿನ ಮಿತಿ, ನಿಯಮದ್ದಲ್ಲ.

ಕೊನೆಗೆ ಘರ್ಷಣೆ ಅರ್ಧ ಆದರೆ ಎಷ್ಟು ದೂರ ಅಂತ ಕೇಳಿದೆ. ಒಟ್ಟು ದಾರಿ 5 ಇದ್ದದ್ದು 10 ಮೀಟರ್ ಆಗುತ್ತೆ ಅಂದರು. ಹತ್ತನೇ ಒಂದು ಭಾಗಕ್ಕೆ ಇಳಿದರೆ? 50. ನೂರನೇ ಒಂದು ಭಾಗಕ್ಕೆ? 500. "ಏನೂ ಇಲ್ಲದಿದ್ರೆ?" ಅಂದಾಗ ಒಬ್ಬ, "ಸೊನ್ನೆಯಿಂದ ಭಾಗಿಸೋಕೆ ಆಗಲ್ಲ ಸರ್" ಅಂದ. ಹಿಂದಿನ ಬೆಂಚಿನವನು ಅವನ ಕಡೆ ತಿರುಗಿ, "ನಿಲ್ಲೋದೇ ಇಲ್ಲ ಮಾರಾಯ" ಅಂದ. ಮೊದಲನೇ ನಿಯಮವನ್ನು ಆಮೇಲೆ ಬೋರ್ಡಿನ ಮೇಲೆ ಬರೆದೆ.

ಘಟಕ ಪರೀಕ್ಷೆಯಲ್ಲಿ ಕಾರಿನ ಬದಲು ಸೈಕಲ್ ಕೊಟ್ಟೆ. ಪೆಡಲ್ ತುಳಿಯುವುದನ್ನು ಬಿಟ್ಟ ಮೇಲೆ ಯಾಕೆ ನಿಲ್ಲುತ್ತದೆ? ಹೆಚ್ಚಿನವರು ಘರ್ಷಣೆ, ಗಾಳಿಯ ತಡೆ ಅಂತ ಬರೆದರು. ಕೆಲವರು ತುಳಿದ ಬಲ ಖಾಲಿ ಆಯಿತು ಅಂತಲೇ ಬರೆದರು. ಅವರಿಗೆ ಮಧ್ಯಾಹ್ನದ ಬಿಡುವಿನಲ್ಲಿ ಮತ್ತೆ ವಿಡಿಯೊ ಹಾಕಿ, ಈ ಸಲ ಗೆರೆ ಅವರ ಕೈಯಲ್ಲೇ ಎಣಿಸಿಸುತ್ತಿದ್ದೇನೆ.