ಫಾರ್ಮ್ ಸರಿಯಾಗಿತ್ತು, ಆದರೂ 360 ಡಾಲರ್ ಹೋಯಿತು

ಮೈಸೂರಿನಲ್ಲಿ ನಾನು ತೆರಿಗೆ ಲೆಕ್ಕ ನೋಡುವವನು. ಮನೆಯಲ್ಲೇ ಕೂತು ವಿಡಿಯೊ ಎಡಿಟಿಂಗ್ ಮಾಡುವ ಹುಡುಗಿಯೊಬ್ಬಳಿಗೆ ಅಮೆರಿಕದ ಕ್ಲೈಂಟ್ W-8BEN ಅನ್ನೋ ಅಲ್ಲಿನ ತೆರಿಗೆ ಫಾರ್ಮ್ ಕೇಳಿದಾಗ ತುಂಬಿಸಿಕೊಟ್ಟವನೂ ನಾನೇ. ಹೆಸರು, ವಿಳಾಸ, 6a ಸಾಲಿನಲ್ಲಿ ಪ್ಯಾನ್. ಹುಟ್ಟಿದ ದಿನದಲ್ಲಿ ಮಾತ್ರ ಅವಳನ್ನು ತಡೆದೆ. ಅಲ್ಲಿ ತಿಂಗಳು ಮೊದಲು ಬರೆಯಬೇಕು, ನವೆಂಬರ್ 5 ಅಂದರೆ 11-05.

ತಿಂಗಳಾದ ಮೇಲೆ ಫೋನ್ ಬಂತು. "ಸರ್, 1,200 ಡಾಲರ್ ಬಿಲ್ಲಿಗೆ 840 ಬಂದಿದೆ. ಫಾರ್ಮ್ ಕೊಟ್ರೂ 30 ಪರ್ಸೆಂಟ್ ಹಿಡ್ಕೊಂಡಿದಾರೆ."

ಇನ್ವಾಯ್ಸ್ ತರಿಸಿ ನೋಡಿದೆ. "ವಿಡಿಯೊ ಸರ್ವಿಸಸ್" ಅಂತ ಒಂದೇ ಸಾಲು. ಆಗ ನನ್ನ ತಪ್ಪು ಗೊತ್ತಾಯಿತು. ಈ ಫಾರ್ಮ್ ಹೇಳುವುದು ನೀವು ಅಮೆರಿಕದವರಲ್ಲ ಅಂತ ಮಾತ್ರ. ಕೆಲಸ ಎಲ್ಲಿ ಕೂತು ಮಾಡಿದಿರಿ ಅಂತ ಅದು ಕೇಳುವುದೇ ಇಲ್ಲ. ಆದರೆ ತೆರಿಗೆ ನಿಂತಿರುವುದು ಅದರ ಮೇಲೆಯೇ. ಸೇವೆಯ ದುಡ್ಡು ಕೆಲಸ ನಡೆದ ಜಾಗದ ಆದಾಯ. ಮೈಸೂರಿನಲ್ಲಿ ಮಾಡಿದ ಎಡಿಟಿಂಗ್ ಭಾರತದ ಆದಾಯ, ಅದಕ್ಕೆ ಅಲ್ಲಿನ 30 ಪರ್ಸೆಂಟ್ ಕಡಿತವೇ ಅನ್ವಯಿಸುವುದಿಲ್ಲ. ಅವರ ಅಕೌಂಟ್ಸ್‌ನವರಿಗೆ ಜಾಗ ಗೊತ್ತಾಗಲಿಲ್ಲ, ಹೊರದೇಶದವಳು ಅನ್ನೋದಷ್ಟೇ ಗೊತ್ತಾಯಿತು. ಹಿಡಿದುಬಿಟ್ಟರು.

"ಹಾಗಾದ್ರೆ ಫಾರ್ಮಿನ ಎರಡನೇ ಭಾಗದಲ್ಲಿ ಭಾರತ-ಅಮೆರಿಕ ತೆರಿಗೆ ಒಪ್ಪಂದದ ವಿಧಿ ಬರೀಬೇಕಿತ್ತಾ ಸರ್? ನೆಟ್‌ನಲ್ಲಿ ಒಂದು ಸ್ಯಾಂಪಲ್ ಇದೆ, 12ನೇ ವಿಧಿ, 15 ಪರ್ಸೆಂಟ್ ಅಂತ."

ಬರೆದಿದ್ದರೆ ಇನ್ನೂ ಎಡವಟ್ಟಾಗುತ್ತಿತ್ತು. ಅದು ರಾಯಲ್ಟಿಯ ವಿಧಿ. ನಿನ್ನ ಸ್ಟಾಕ್ ವಿಡಿಯೊ ಅಮೆರಿಕದಲ್ಲಿ ಬಳಸಲು ಲೈಸೆನ್ಸ್ ಕೊಟ್ಟು ದುಡ್ಡು ಬಂದರೆ ಅದು ಬೇಕು, 30 ಇದ್ದದ್ದು 15ಕ್ಕೆ ಇಳಿಯುತ್ತದೆ. ಎಡಿಟಿಂಗ್ ಕೂಲಿಗೆ ಅದನ್ನು ಬರೆದರೆ, ಕಡಿಯಬಾರದ ದುಡ್ಡಿನಲ್ಲಿ 15 ಪರ್ಸೆಂಟ್ ಕಡಿದುಕೊಳ್ಳಿ ಅಂತ ನಾವೇ ಹೇಳಿದ ಹಾಗೆ. ನಮ್ಮ ಕೇಸಿನಲ್ಲಿ ಎರಡನೇ ಭಾಗ ಖಾಲಿ ಇದ್ದದ್ದೇ ಸರಿ.

ಅವಳಿಂದ ಇನ್ವಾಯ್ಸ್ ತಿದ್ದಿಸಿ, ಈ ಸಾಲು ಸೇರಿಸಿ ಕಳಿಸಿದೆವು:

```
All services were performed in India.
No services were performed in the United States.
```

ಜೊತೆಗೆ, ಹಿಡಿದದ್ದನ್ನು ವಾಪಸ್ ಕೊಡಿ ಅಂತ ಒಂದು ಮೇಲ್. ಕಡಿತದ ವರದಿ ಅವರು ಸಲ್ಲಿಸುವುದು ಮುಂದಿನ ವರ್ಷದ ಮಾರ್ಚ್ 15ರ ಒಳಗೆ. ಅಲ್ಲಿಯವರೆಗೆ ಕ್ಲೈಂಟೇ ಸರಿಪಡಿಸಬಹುದು. ಅದು ದಾಟಿದರೆ ಅವಳೇ ಅಮೆರಿಕದ ತೆರಿಗೆ ನಂಬರ್ ಮಾಡಿಸಿ, 1040-NR ಅನ್ನೋ ಅಲ್ಲಿನ ರಿಟರ್ನ್ ಸಲ್ಲಿಸಿ ರಿಫಂಡ್ ಕೇಳಬೇಕು. 360 ಡಾಲರಿಗೆ ಅಷ್ಟು ಓಡಾಟ ಯಾರಿಗೆ ಬೇಕು!

ಮುಂದಿನ ಬಿಲ್ಲಿನ ಜೊತೆ ಆ 360 ಬಂತು. ಅವಳ ಫಾರ್ಮ್ 2024ರಲ್ಲಿ ಸಹಿ ಮಾಡಿದ್ದು, 2027ರ ಡಿಸೆಂಬರ್ 31ರವರೆಗೆ ನಡೆಯುತ್ತದೆ. ಅಷ್ಟರೊಳಗೆ ಅವಳು ಅಮೆರಿಕಕ್ಕೇ ಹೋಗಿ ಶೂಟಿಂಗ್ ಜಾಗದಲ್ಲಿ ಕೂತು ಎಡಿಟ್ ಮಾಡಿದರೆ ಮಾತ್ರ ಆ ಬಿಲ್ಲಿಗೆ ಈ ಸಾಲು ಹಾಕುವಂತಿಲ್ಲ. ಆಗ ಮೊದಲು ನನಗೆ ಫೋನ್ ಮಾಡು ಅಂದಿದ್ದೇನೆ.