ಸ್ವಾಗತ ಭಾಷಣ ಬರೆದುಕೊಡಿ ಅನ್ನುವವರಿಗೆ

"ಸರ್, ನಮ್ಮ ಕಾಲೇಜಲ್ಲಿ ಫಿಲ್ಮ್ ಫೆಸ್ಟ್ ಇದೆ. ನಾನೇ ಸ್ವಾಗತ ಮಾಡ್ಬೇಕು. ಒಂದು ಒಳ್ಳೆ ಭಾಷಣ ಬರೆದುಕೊಡ್ತೀರಾ?"

ಬರೆದುಕೊಡಲ್ಲ. ನಿಮ್ಮ ಹುಡುಗರು ಏನು ಸಿನಿಮಾ ಮಾಡಿದ್ದಾರೆ ಅಂತ ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಬರೆದರೆ ಅದು ವಾರ್ಷಿಕೋತ್ಸವಕ್ಕೂ ನಡೆಯುತ್ತದೆ, ಕ್ರೀಡಾಕೂಟಕ್ಕೂ ನಡೆಯುತ್ತದೆ. 'ಒಳ್ಳೆ ಭಾಷಣ' ಅಂತ ಕೇಳಿದರೇ ನನಗೆ ಸಿಟ್ಟು ಬರುತ್ತದೆ. ಜನ ಬರುವುದು ಸಿನಿಮಾ ನೋಡಲು, ಅಲ್ವಾ?

ಈ ಸಿಟ್ಟು ಸುಮ್ನೆ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನಲ್ಲಿ ನಾನು ಪ್ರೊಜೆಕ್ಟರ್ ಪಕ್ಕ ಕೂತಿದ್ದೆ. ಒಂಬತ್ತು ಕಿರುಚಿತ್ರಗಳು, ಒಟ್ಟು 96 ನಿಮಿಷ. ಹಾಲ್ ಸಿಕ್ಕಿದ್ದು 2 ಗಂಟೆಯಿಂದ 4.30ರವರೆಗೆ. ಪ್ರಾರ್ಥನೆ ಆಯ್ತು, ದೀಪ ಹಚ್ಚಿದ್ದಾಯ್ತು. ಆಮೇಲೆ ಸ್ವಾಗತ. ವೇದಿಕೆ ಮೇಲಿದ್ದ ಏಳು ಜನರ ಪರಿಚಯವನ್ನು ಪದವಿಗಳ ಸಮೇತ ಓದಿದರು. ಒಬ್ಬೊಬ್ಬರಿಗೂ ಹೂಗುಚ್ಛ, ಒಬ್ಬೊಬ್ಬರ ಜೊತೆಗೂ ಫೋಟೋ. ಅಷ್ಟಾದ ಮೇಲೆ ಸಿನಿಮಾ ಹುಟ್ಟಿದ ಕಥೆ, 1895ರ ಪ್ಯಾರಿಸ್‌ನಿಂದ. ಅಲ್ಲಿ ಲೂಮಿಯೇರ್ ಸಹೋದರರು ಟಿಕೆಟ್ ಇಟ್ಟು ಜನರಿಗೆ ಮೊದಲ ಸಲ ತೋರಿಸಿದ್ದು ಹತ್ತು ಚಿತ್ರ, ಒಂದೊಂದೂ ಒಂದು ನಿಮಿಷಕ್ಕಿಂತ ಕಡಿಮೆ. ಅವರ ಪ್ರದರ್ಶನ ಪೂರ್ತಿ ಮುಗಿಯುವಷ್ಟು ಹೊತ್ತು ನಮ್ಮಲ್ಲಿ ಬರೀ ಸ್ವಾಗತ ನಡೆಯಿತು.

ಮೊದಲ ಚಿತ್ರ ಶುರುವಾದಾಗ 3 ಗಂಟೆ. ಎಂಟನೆಯದು ಮುಗಿಯುವಾಗ ಬಾಗಿಲಲ್ಲಿ ವಾಚ್‌ಮನ್ ಕೀ ಗೊಂಚಲು ಹಿಡಿದು ನಿಂತಿದ್ದರು. ಒಂಬತ್ತನೆಯದು ಎರಡನೇ ವರ್ಷದ ಬಿ.ಎ. ಹುಡುಗನದ್ದು, ಹನ್ನೊಂದೇ ನಿಮಿಷ. ಅದನ್ನು ಹಾಕಲೇ ಇಲ್ಲ. ಅವನ ಅಮ್ಮ ಊರಿಂದ ಬಸ್ಸಲ್ಲಿ ಬಂದು ಮೂರನೇ ಸಾಲಲ್ಲಿ ಕೂತಿದ್ದರು. "ನಿಂದು ಯಾವಾಗಪ್ಪ?" ಅಂತ ಅವರು ಕೇಳಿದ್ದು ನನ್ನ ಕಿವಿಗೆ ಬಿತ್ತು. ಆ ಉದ್ದದ ಸ್ವಾಗತದಲ್ಲಿ ಸಿನಿಮಾ ಮಾಡಿದವರಿಗೆ ಸಿಕ್ಕಿದ್ದು ಒಂದು ವಾಕ್ಯ: "ಪುಟ್ಟ ಪ್ರಯತ್ನ ಮಾಡಿರುವ ನಮ್ಮ ವಿದ್ಯಾರ್ಥಿಗಳಿಗೂ ಸ್ವಾಗತ."

ಹಾಗಾಗಿ ನಾಲ್ಕು ನಿಮಿಷ, ಅದಕ್ಕಿಂತ ಜಾಸ್ತಿ ಬೇಡ. ನಿಧಾನವಾಗಿ ಓದಿದರೆ ನಿಮಿಷಕ್ಕೆ ಸುಮಾರು 90 ಕನ್ನಡ ಪದ ಆಗುತ್ತದೆ. ಅಂದರೆ 350 ಪದ ಬರೆದರೆ ಸಾಕು. ಅತಿಥಿಗಳಿಗೆ ಹೆಸರು, ಹುದ್ದೆ, ಒಂದು ನಮಸ್ಕಾರ. ಹೂಗುಚ್ಛವನ್ನು ಅವರು ಬಂದಾಗ ಬಾಗಿಲಲ್ಲೇ ಕೊಟ್ಟುಬಿಡಿ. ನೋಡಲು ಬಂದವರಿಗೆ ಬೇಕಾದ್ದನ್ನು ಹೇಳಿ: ಎಷ್ಟು ಚಿತ್ರ, ಎಷ್ಟು ಹೊತ್ತು, ವಿರಾಮ ಯಾವಾಗ, ಎದ್ದು ಹೋಗುವುದಿದ್ದರೆ ಎರಡು ಚಿತ್ರಗಳ ನಡುವೆ ಹೋಗಿ ಅಂತ.

ನನ್ನನ್ನು ಯಾರಾದರೂ ಕೇಳಬೇಕಿದ್ದ ಪ್ರಶ್ನೆ ಬೇರೆ. "ಸಿನಿಮಾ ಮಾಡಿದವರಿಗೆ ಏನಂತ ಥ್ಯಾಂಕ್ಸ್ ಹೇಳಲಿ ಸರ್?" ಇದನ್ನು ಕೇಳಿ, ಎಷ್ಟು ಹೊತ್ತು ಬೇಕಾದರೂ ಕೂತು ಹೇಳುತ್ತೇನೆ.

ಎರಡು ದಿನ ಮೊದಲೇ ಒಂದೊಂದು ತಂಡವನ್ನೂ ಹುಡುಕಿಕೊಂಡು ಹೋಗಿ. ಕ್ಯಾಮೆರಾ ಯಾರು, ಸೌಂಡ್ ಯಾರು, ಎಡಿಟ್ ಯಾರು ಅಂತ ಬರೆದುಕೊಳ್ಳಿ. ಅವರ ಹೆಸರನ್ನು ಅವರ ಬಾಯಲ್ಲೇ ಒಮ್ಮೆ ಕೇಳಿಸಿಕೊಳ್ಳಿ. ಆಮೇಲೆ ಒಂದೇ ಮಾತು ಕೇಳಿ: ಶೂಟಿಂಗ್‌ನಲ್ಲಿ ಯಾವುದು ತುಂಬಾ ಕಷ್ಟ ಆಯ್ತು? ಅದೇ ನಿಮ್ಮ ಭಾಷಣ. ಮುಂದಿನ ವರ್ಷ ಅದೇ ಕಾಲೇಜಿನಲ್ಲಿ ಸ್ವಾಗತ ಮಾಡಿದ ಹುಡುಗಿ ಹೀಗೆ ಹೇಳಿದಳು:

"ಇವತ್ತಿನ ಒಂದು ಚಿತ್ರದಲ್ಲಿ ಅಡುಗೆಮನೆ ಇದೆ. ಫ್ರಿಜ್ಜಿನ ಗುಂಯ್ ಅನ್ನುವ ಸದ್ದು ಮೈಕಿಗೆ ಸೇರುತ್ತದೆ ಅಂತ ಅದನ್ನು ಆಫ್ ಮಾಡಿ ಶೂಟ್ ಮಾಡಿದರು. ವಾಪಸ್ ಆನ್ ಮಾಡಲು ಮರೆಯಬಾರದು ಅಂತ ಸೌಂಡ್ ನೋಡಿಕೊಂಡವಳು ತನ್ನ ಸ್ಕೂಟಿ ಕೀ ಫ್ರಿಜ್ಜಿನೊಳಗೇ ಇಟ್ಟಿದ್ದಳು. ಮನೆ ಬಿಟ್ಟುಕೊಟ್ಟ ಅಜ್ಜಿ ಇಲ್ಲೇ ಇದ್ದಾರೆ. ಅಜ್ಜೀ, ನಿಮಗೂ ಥ್ಯಾಂಕ್ಸ್."

ಹಾಲ್ ಪೂರ್ತಿ ತಿರುಗಿ ಅಜ್ಜಿಯನ್ನು ನೋಡಿತು. ಆ ಚಿತ್ರ ಬಂದಾಗ ಅಡುಗೆಮನೆಯ ದೃಶ್ಯದಲ್ಲಿ ಒಬ್ಬರೂ ಪಿಸುಗುಟ್ಟಲಿಲ್ಲ. ಎಲ್ಲರೂ ಕಿವಿಗೊಟ್ಟು ಕೇಳುತ್ತಿದ್ದರು. ಕಥೆಯ ಒಂದು ಎಳೆಯನ್ನೂ ಅವಳು ಬಿಟ್ಟುಕೊಟ್ಟಿರಲಿಲ್ಲ. ಇಷ್ಟು ಉದ್ದ ಎಲ್ಲ ತಂಡಕ್ಕೂ ಆಗುವುದಿಲ್ಲ. ಉಳಿದ ತಂಡಗಳಿಗೆ ಒಂದೊಂದು ವಾಕ್ಯ ಕೊಟ್ಟಳು, ಆದರೆ ಯಾರನ್ನೂ ಬಿಡಲಿಲ್ಲ. 'ಪುಟ್ಟ ಪ್ರಯತ್ನ' ಅನ್ನುವ ಮಾತು ಬರಲೇ ಇಲ್ಲ. ಎರಡು ತಿಂಗಳು ನಿದ್ದೆಗೆಟ್ಟವರ ಎದುರು ನಿಂತು ಅದನ್ನು ಹೇಗೆ ಹೇಳುತ್ತೀರಿ?

ಇನ್ನೊಂದು. ನಿಮ್ಮ ಕೊನೆಯ ವಾಕ್ಯವನ್ನು ಅಕ್ಷರ ಬದಲಿಸದೆ ಬರೆದು ಲೈಟ್ ಆಪರೇಟರ್‌ಗೂ ಪ್ರೊಜೆಕ್ಟರ್‌ನವರಿಗೂ ಹಿಂದಿನ ದಿನವೇ ಕೊಡಿ. ಅದು ಮೊದಲ ಚಿತ್ರದ ಹೆಸರಿನಿಂದ ಮುಗಿಯಲಿ. ಚಿತ್ರದ ಫೈಲ್ ತೆರೆದು, ಪರದೆ ಕಪ್ಪಾಗಿರುವಂತೆ ನಿಲ್ಲಿಸಿಟ್ಟಿರಬೇಕು. ಇಲ್ಲದಿದ್ದರೆ ಜನ ಮೊದಲು ನೋಡುವುದು ಲ್ಯಾಪ್‌ಟಾಪಿನ ಫೋಲ್ಡರ್‌ಗಳನ್ನು. ಚಿತ್ರದ ಹೆಸರು ನಿಮ್ಮ ಬಾಯಿಂದ ಬಂದ ಕೂಡಲೇ ದೀಪ ಆರಬೇಕು. ನೀವು ಕತ್ತಲಲ್ಲೇ ವೇದಿಕೆ ಇಳಿಯಬೇಕಾಗುತ್ತದೆ. ಮೆಟ್ಟಿಲು ಎಷ್ಟಿವೆ ಅಂತ ಮೊದಲೇ ಎಣಿಸಿಟ್ಟುಕೊಳ್ಳಿ.